ಇಪ್ಪತ್ಮೂರನೇ ನಂಬರಿನ ಇಬ್ಬರು



ತುಮಕೂರಿನಿಂದ ಶಿರಾ ದಾರಿಯಲ್ಲಿ ಹೋದರೆ ವಸಂತನರಸಾಪುರ ಸಿಗುತ್ತದೆ. ಒಂದು ಕಾಲಕ್ಕೆ ರಾಗಿ ಹೊಲ, ಹುಣಸೆ ಮರ. ಈಗ ಫುಡ್ ಪಾರ್ಕು, ಮೆಷಿನ್ ಟೂಲ್ ಪಾರ್ಕು, ಸಾಲು ಸಾಲು ಶೆಡ್ಡುಗಳು. ಅಲ್ಲಿ ಪಾಳಿ ಕೆಲಸ ಮಾಡುವ ಹುಡುಗರಲ್ಲಿ ಎಷ್ಟೋ ಜನ ಹಾವೇರಿ, ಧಾರವಾಡ, ಬೆಳಗಾವಿ ಕಡೆಯವರು. ಹಬ್ಬ ಬಂತು, ಊರ ಜಾತ್ರೆ ಬಂತು ಎಂದರೆ ಅವರ ಬಾಯಲ್ಲಿ ಒಂದೇ ಮಾತು. "ಟಿಕೆಟ್ ಆಯ್ತೇನಪ್ಪಾ?" "ಆಯ್ತು, ಆದರೆ ಆರ್‌ಎಸಿ." ಆ 'ಆದರೆ' ಎಂಬುದರಲ್ಲಿ ಏನೇನಿದೆ ಎಂದು ಈ ಹೊತ್ತು ಹೇಳಬೇಕೆಂದಿದ್ದೇನೆ.

ರೈಲ್ವೆಯವರ ಲೆಕ್ಕದಲ್ಲಿ ಟಿಕೆಟ್ಟಿಗೆ ಮೂರು ಸ್ಥಿತಿ. ಖಚಿತವಾದದ್ದು ಒಂದು, ಮಲಗುವ ಬರ್ತು ನಿಮ್ಮದೇ. ವೇಟಿಂಗ್ ಲಿಸ್ಟು ಇನ್ನೊಂದು, ಅಲ್ಲಿ ಸದ್ಯಕ್ಕೆ ಏನೂ ಇಲ್ಲ, ಬರೀ ಸಾಲು. ಇವೆರಡರ ನಡುವಿನದು ಆರ್‌ಎಸಿ. ಯಾರಾದರೂ ರದ್ದು ಮಾಡಿದರೆ ನಿಮಗೆ ಬರ್ತು, ಅಲ್ಲಿಯವರೆಗೆ ಕೂರಲು ಒಂದು ಸೀಟು ಎಂದು ಅದರ ಅರ್ಥ. ಇದನ್ನು ವೇಟಿಂಗ್ ಲಿಸ್ಟಿನ ತಮ್ಮ ಎಂದುಕೊಳ್ಳುವವರು ಬಹಳ ಜನ. ಹಾಗಲ್ಲ. ಆನ್‌ಲೈನಿನಲ್ಲಿ ತೆಗೆದ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ಆದ ಮೇಲೂ ಹಾಗೇ ಉಳಿದರೆ ತಾನಾಗಿಯೇ ರದ್ದಾಗಿ ದುಡ್ಡು ಖಾತೆಗೆ ವಾಪಸು ಬರುತ್ತದೆ. ಅದನ್ನು ಹಿಡಿದು ಬೋಗಿ ಹತ್ತುವಂತಿಲ್ಲ. ಆರ್‌ಎಸಿಯವರು ಹಕ್ಕಿನಿಂದ ಹತ್ತಬಹುದು. ಟಿಸಿ ಬಂದಾಗ ಮುಖ ಸಣ್ಣದು ಮಾಡಿಕೊಂಡು ಎದ್ದು ನಿಲ್ಲಬೇಕಾಗಿಲ್ಲ.

ಫೋನಿನಲ್ಲಿ `RAC 18` ಎಂದು ಬಂದರೆ ಅದು ಹದಿನೆಂಟನೇ ಸೀಟಲ್ಲ. ಬರ್ತಿಗಾಗಿ ನಿಂತವರ ಸಾಲಿನಲ್ಲಿ ನೀವು ಹದಿನೆಂಟನೆಯವರು, ಅಷ್ಟೇ. ಸೀಟು ಯಾವುದು ಎಂಬುದು ಚಾರ್ಟ್ ಆದಾಗ ತಿಳಿಯುತ್ತದೆ.

ಆ ಸೀಟು ಇರುವುದು ಸೈಡ್ ಲೋಯರಿನಲ್ಲಿ, ಅಂದರೆ ಓಡಾಡುವ ದಾರಿಯ ಪಕ್ಕದ ಕೆಳಗಿನ ಬರ್ತಿನಲ್ಲಿ. ಸ್ಲೀಪರ್ ಬೋಗಿಯಲ್ಲಿ ಒಂದೊಂದು ಅಂಕಣಕ್ಕೆ ಎಂಟು ಬರ್ತು. ಒಳಗಡೆ ಆರು, ದಾರಿ ಪಕ್ಕ ಎರಡು. ಆ ಎಂಟರಲ್ಲಿ ಏಳನೆಯದು ಸೈಡ್ ಲೋಯರ್, ಎಂಟನೆಯದು ಅದರ ಮೇಲಿನದು. ಆದ್ದರಿಂದ 7, 15, 23, 31 ಹೀಗೆ ಎಂಟೆಂಟು ಕೂಡಿಸುತ್ತ ಹೋದರೆ ಬರುವುದೆಲ್ಲ ಸೈಡ್ ಲೋಯರುಗಳೇ. ಇವುಗಳಲ್ಲಿ ಕೆಲವನ್ನು ರೈಲ್ವೆ ಯಾರಿಗೂ ಪೂರ್ತಿಯಾಗಿ ಮಾರದೆ ಎತ್ತಿಟ್ಟುಕೊಂಡು, ಒಂದೊಂದನ್ನು ಇಬ್ಬಿಬ್ಬರಿಗೆ ಕೊಡುತ್ತದೆ. ಚಾರ್ಟಿನಲ್ಲಿ ಒಂದೇ ನಂಬರು, ಅದರ ಮುಂದೆ ಎರಡು ಹೆಸರು. ಇಬ್ಬರೂ ಕೊಟ್ಟಿರುವುದು ಪೂರ್ತಿ ಬರ್ತಿನ ದರ.

ಈಗ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ರೈಲು. ಬೆಂಗಳೂರನ್ನು ಹನ್ನೊಂದರ ಹೊತ್ತಿಗೆ ಬಿಟ್ಟು ನಮ್ಮ ತುಮಕೂರಿಗೆ ನಡುರಾತ್ರಿಗೆ ಬರುವಂಥದ್ದು. ನನ್ನದು ಎಸ್-5ರಲ್ಲಿ 20, ಒಳಗಿನ ಕೆಳ ಬರ್ತು. ಎದುರಿಗೇ ದಾರಿಯಾಚೆ 23. ತುಮಕೂರಿನಲ್ಲಿ ಅಲ್ಲಿಗೆ ಇಬ್ಬರು ಬಂದರು. ಒಬ್ಬ ವಸಂತನರಸಾಪುರದ ಒಂದು ಕಾರ್ಖಾನೆಯ ಹುಡುಗ. ಎರಡನೇ ಪಾಳಿ ಮುಗಿಸಿ, ಸಿಕ್ಕಿದ ಬಸ್ಸು ಹಿಡಿದು, ಸ್ಟೇಷನ್ನಿಗೆ ಓಡಿ ಬಂದಿದ್ದ. ಯೂನಿಫಾರಂ ಅಂಗಿಯನ್ನೂ ಬದಲಿಸಿರಲಿಲ್ಲ. ಇನ್ನೊಬ್ಬರು ಗುಬ್ಬಿ ಕಡೆಯ ಅಜ್ಜಿ. ಮಗಳ ಬಾಣಂತನಕ್ಕೆ ಧಾರವಾಡಕ್ಕೆ ಹೊರಟವರು. ಜೊತೆಗೆ ಒಂದು ಚೀಲ ತೆಂಗಿನಕಾಯಿ.

ಹುಡುಗ ಆಮೇಲೆ ಮಾತಿಗೆ ಸಿಕ್ಕಾಗ ತನ್ನ ಟಿಕೆಟ್ಟಿನ ಕಥೆ ಹೇಳಿದ. ಹತ್ತು ದಿನ ಮೊದಲು ತೆಗೆದಾಗ ಆರ್‌ಎಸಿ 18. ದಿನಾ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಪಿಎನ್‌ಆರ್ ನೋಡುವುದೇ ಅವನ ಕೆಲಸ. ಎರಡು ದಿನ ಅಲ್ಲಾಡಲಿಲ್ಲ. ಆಮೇಲೆ 15, ಆಮೇಲೆ 11. ಹೊರಡುವ ಹಿಂದಿನ ರಾತ್ರಿ 6. "ಆರು ಅಂದ್ರ ಆಗೇ ಬಿಡ್ತದ ಅಂದಿದ್ರು ಸರ್, ಆಗಲಿಲ್ಲ ನೋಡ್ರಿ," ಎಂದ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಸಂಖ್ಯೆ ಇಳಿಯುವುದು ಹೇಗೆ? ಖಚಿತ ಬರ್ತಿದ್ದ ಯಾರೋ ಒಬ್ಬರು ಟಿಕೆಟ್ ರದ್ದು ಮಾಡುತ್ತಾರೆ. ಆ ಬರ್ತು ಆರ್‌ಎಸಿ ಸಾಲಿನ ಮೊದಲಿನವರಿಗೆ ಹೋಗುತ್ತದೆ. ಅವರು ಎದ್ದ ಜಾಗಕ್ಕೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ. ಸಾಲಿನ ಕೊನೆಯಲ್ಲಿ ಖಾಲಿಯಾದ ಅರ್ಧ ಬರ್ತಿಗೆ ವೇಟಿಂಗ್ ಲಿಸ್ಟಿನ ಮೊದಲನೆಯವರು ಬಂದು ಸೇರುತ್ತಾರೆ. ಅಂದರೆ ಚಾರ್ಟ್ ಆಗುವವರೆಗೆ ಒಂದು ಬರ್ತು ಖಾಲಿಯಾದರೆ ಒಬ್ಬರಿಗೆ ನಿದ್ದೆ ಸಿಕ್ಕಿತು, ಇನ್ನೊಬ್ಬರಿಗೆ ಕೂರಲು ಜಾಗ ಸಿಕ್ಕಿತು. ಆದರೆ ಸೈಡ್ ಬರ್ತು ಮಾತ್ರ ಇಬ್ಬರದಾಗಿಯೇ ಉಳಿಯಿತು. ಸಾಲಿನ ಹಿಂದೆ ವೇಟಿಂಗ್ ಲಿಸ್ಟು ಉದ್ದ ಇರುವಷ್ಟು ದಿನ ಆ ಜೋಡಿ ಒಡೆಯುವುದಿಲ್ಲ.

ಚಾರ್ಟ್ ಆಗುವ ಗಳಿಗೆಯಲ್ಲಿ ಮಾತ್ರ ಒಂದು ದೊಡ್ಡ ಜಿಗಿತ ಇರುತ್ತದೆ. ತುರ್ತು ಕೋಟಾ, ಮಹಿಳೆಯರ ಕೋಟಾ ಎಂದು ಎತ್ತಿಟ್ಟ ಬರ್ತುಗಳಲ್ಲಿ ಯಾರೂ ಕೇಳದೆ ಉಳಿದವು ಆಗ ಸಾಲಿಗೆ ಬಂದು ಬೀಳುತ್ತವೆ. ಹಿಂದಿನ ದಿನದವರೆಗೆ ಮೂರು ನಾಲ್ಕರಂತೆ ಇಳಿದದ್ದು ಅಂದು ಒಮ್ಮೆಲೇ ಹತ್ತು ಇಳಿದರೂ ಇಳಿಯಿತು. ಹಬ್ಬದ ಹಿಂದಿನ ದಿನವಾದರೆ ಕೋಟಾದವರೂ ಬಿಟ್ಟುಕೊಡುವುದಿಲ್ಲ. ಒಂದೂ ಇಳಿಯದಿದ್ದರೂ ಆಶ್ಚರ್ಯವಿಲ್ಲ. ಹುಡುಗನಿಗೆ ಆದದ್ದು ಅದೇ.

ಈ ಮೊದಲ ಚಾರ್ಟ್ ಹಿಂದೆಲ್ಲ ರೈಲು ಹೊರಡಲು ನಾಲ್ಕು ಗಂಟೆ ಇದೆ ಎನ್ನುವಾಗ ಆಗುತ್ತಿತ್ತು. 2025ರ ಜುಲೈಯಲ್ಲಿ ಎಂಟು ಗಂಟೆ ಮೊದಲೇ ಮಾಡಲು ಆರಂಭಿಸಿದರು, ಆ ವರ್ಷದ ಕೊನೆಗೆ ಹತ್ತು ಗಂಟೆ ಮೊದಲಿಗೆ ತಂದರು. ಲೆಕ್ಕ ಹಿಡಿಯುವುದು ರೈಲು ಮೊದಲು ಹೊರಡುವ ಊರಿನಿಂದ. ಹಾಗಾಗಿ ತುಮಕೂರಿನಲ್ಲಿ ನಡುರಾತ್ರಿ ಹತ್ತುವವರಿಗೂ ಬೆಂಗಳೂರಿನ ಹನ್ನೊಂದರ ಲೆಕ್ಕವೇ. ನಮ್ಮ ಹುಡುಗನಿಗೆ ಪಾಳಿಗೆ ಹೋಗುವ ಮೊದಲೇ ಸಂದೇಶ ಬಂದಿತ್ತು. ಆರ್‌ಎಸಿ, ಎಸ್-5, 23. ಬೇಡವೆನಿಸಿದರೆ ಆಗಲೂ ರದ್ದು ಮಾಡಬಹುದಿತ್ತು. ರೈಲು ಹೊರಡುವ ಅರ್ಧ ಗಂಟೆ ಮೊದಲಿನವರೆಗೆ ಆರ್‌ಎಸಿ ಟಿಕೆಟ್ಟಿಗೆ ಸಣ್ಣ ಶುಲ್ಕ ಮುರಿದು ಉಳಿದ ದುಡ್ಡು ಕೊಡುತ್ತಾರೆ. ಆ ಗಡುವು ದಾಟಿದರೆ ಏನೂ ಇಲ್ಲ. ಅವನು ರದ್ದು ಮಾಡಲಿಲ್ಲ. "ಕೂತ್ಕೊಂಡಾದ್ರೂ ಊರು ಮುಟ್ಟಬೇಕಲ್ರಿ."

ಸರಿ, 23ಕ್ಕೆ ಬರೋಣ. ಸೈಡ್ ಲೋಯರ್ ಎಂಬುದು ಒಂದು ವಿಚಿತ್ರ ಪೀಠೋಪಕರಣ. ಹಗಲಿನಲ್ಲಿ ಅದು ಎದುರುಬದುರಾದ ಎರಡು ಕುರ್ಚಿ, ನಡುವೆ ಕಾಲಿಡಲು ಜಾಗ, ಪಕ್ಕದಲ್ಲಿ ಕಿಟಕಿ. ರಾತ್ರಿ ಎರಡೂ ಕುರ್ಚಿಯ ಬೆನ್ನುಹಲಗೆಗಳನ್ನು ಮುಂದಕ್ಕೆ ಬೀಳಿಸಿದರೆ ಅವು ನಡುವಿನ ಜಾಗ ಮುಚ್ಚಿಕೊಂಡು ಮಂಚವಾಗುತ್ತವೆ. ಹಲಗೆಗಳು ಕೂಡುವ ಕಡೆ ಒಂದು ಏಣು ಉಳಿಯುತ್ತದೆ, ಮಲಗಿದವರ ಸೊಂಟಕ್ಕೆ ಸರಿಯಾಗಿ. ಈಚಿನ ಕೆಲವು ಬೋಗಿಗಳಲ್ಲಿ ಆ ಏಣು ಮುಚ್ಚಲು ಕಿಟಕಿ ಪಕ್ಕದಿಂದ ಎಳೆದು ಹಾಸುವ ಇನ್ನೊಂದು ಹಲಗೆ ಕೊಟ್ಟಿದ್ದಾರೆ. ಅದು ಅಲ್ಲಿದೆ ಎಂದು ಗೊತ್ತಿಲ್ಲದೆ ಏಣಿನ ಮೇಲೇ ರಾತ್ರಿ ಕಳೆದವರನ್ನೂ ಕಂಡಿದ್ದೇನೆ. ಉದ್ದ ಆರಡಿಯ ಆಸುಪಾಸು, ಅಗಲ ಎರಡಡಿಗೂ ಕಡಿಮೆ.

ಗಮನಿಸಬೇಕಾದದ್ದು ಏನೆಂದರೆ, ಅದು ಎರಡು ಕುರ್ಚಿಯಾಗಿರಬೇಕು, ಇಲ್ಲವೇ ಒಂದು ಮಂಚವಾಗಬೇಕು. ಅರ್ಧ ಕುರ್ಚಿ ಅರ್ಧ ಮಂಚ ಆಗುವುದಿಲ್ಲ. ಒಬ್ಬರು ಮಲಗುತ್ತೇನೆ, ಇನ್ನೊಬ್ಬರು ಒರಗಿ ಕೂರುತ್ತೇನೆ ಎಂದರೆ ಕೂರುವವರಿಗೆ ಒರಗಲು ಬೆನ್ನುಹಲಗೆಯೇ ಇರುವುದಿಲ್ಲ, ಹಿಂದಿನ ಗೋಡೆಯೇ ಗತಿ. ಆದ್ದರಿಂದ ಹಲಗೆ ಬೀಳಿಸುವುದೋ ಬೇಡವೋ ಎಂಬುದು ಇಬ್ಬರೂ ಒಪ್ಪಿ ಆಗಬೇಕಾದ ಮಾತು. ಒಬ್ಬರಿಗೆ ಪೂರ್ತಿ ಮಲಗುವ ಹಕ್ಕು ಆರ್‌ಎಸಿಯಲ್ಲಿ ಇಲ್ಲ. ಮೊದಲು ಹತ್ತಿದವರಿಗೂ ಇಲ್ಲ, ವಯಸ್ಸಾದವರಿಗೂ ಇಲ್ಲ. ಬೆಂಗಳೂರಿನಲ್ಲಿ ಹತ್ತಿ ಹಾಸಿ ಮಲಗಿಬಿಟ್ಟವರು ತುಮಕೂರಿನಲ್ಲಿ ಇನ್ನೊಬ್ಬರು ಬಂದು ಎಬ್ಬಿಸಿದಾಗ ಜಗಳಕ್ಕೆ ಇಳಿಯುವುದು ಇದು ತಿಳಿಯದೆಯೇ.

ಅಜ್ಜಿ ಮತ್ತು ಹುಡುಗ ಏನು ಮಾಡಿದರು? ಮೊದಲು ಹುಡುಗ ತೆಂಗಿನಕಾಯಿ ಚೀಲವನ್ನು ಸೀಟಿನಡಿ ತಳ್ಳಿದ. ತೂಗಾಡಿ ಉರುಳದಂತೆ ತನ್ನ ಬ್ಯಾಗನ್ನು ಅದಕ್ಕೆ ಒತ್ತಿಟ್ಟ. ಆಮೇಲೆ ಇಬ್ಬರೂ ಎದುರುಬದುರು ಕೂತರು. ಅಜ್ಜಿಗೆ ಕಾಲು ಜೋತುಬಿಟ್ಟು ಕೂರಲು ಆಗದು, ಬಾವು ಬರುತ್ತದಂತೆ.

"ಯಜ್ಜೀ, ಹಲಗಿ ಇಳಿಸ್ಲೇನ್ರಿ? ಕಾಲು ಚಾಚ್ರಿ," ಎಂದ ಹುಡುಗ.

"ಇಳ್ಸು ಮಗ. ನೀನೂ ಚಾಚ್ಕಾ. ನಂದೇನು, ಕಡ್ಡಿ ಕಾಲು," ಎಂದರು ಅಜ್ಜಿ.

ಹಲಗೆ ಇಳಿಯಿತು. ಅವರು ಇಂಜಿನ್ ಕಡೆಯ ಗೋಡೆಗೆ ಒರಗಿದರು, ಅವನು ಈಚೆ ಗೋಡೆಗೆ. ಅಜ್ಜಿಯ ಕಾಲು ಕಿಟಕಿ ಬದಿಗೆ, ಅವನ ಕಾಲು ದಾರಿ ಬದಿಗೆ. ಇದರಲ್ಲೂ ಒಂದು ಲೆಕ್ಕವಿದೆ. ದಾರಿ ಬದಿಗೆ ಚಾಚಿದ ಕಾಲಿಗೆ ಓಡಾಡುವವರ ಮೊಣಕಾಲು, ಟ್ರಂಕು, ಚಹಾದವನ ಕ್ಯಾನು ಎಲ್ಲ ತಾಗುತ್ತವೆ; ಕಿಟಕಿ ಬದಿಗೆ ಚಳಿಗಾಳಿ. ಹುಡುಗ ತಾನೇ ದಾರಿ ಬದಿ ತೆಗೆದುಕೊಂಡ, ಅಜ್ಜಿ ಶಟರ್ ಇಳಿಸಿ ಸೆರಗು ಹೊದ್ದರು. ಎಸಿ ಬೋಗಿಯಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಹೊದಿಕೆ, ದಿಂಬು, ಹಾಸು ಸಿಗುತ್ತಿತ್ತು. ಮುಂಚೆ ಇಬ್ಬರಿಗೂ ಸೇರಿ ಒಂದೇ ಕಂತೆ ಕೊಡುತ್ತಿದ್ದರು. ಈಗ ಒಬ್ಬೊಬ್ಬರಿಗೂ ಕೊಡಬೇಕೆಂದು ರೈಲ್ವೆ ಮಂಡಳಿಯ ಸೂಚನೆಯೇ ಇದೆ, ಕೇಳಿ ಪಡೆಯಬಹುದು. ಸ್ಲೀಪರಿನಲ್ಲಿ ಅವರವರ ಹೊದಿಕೆ ಅವರವರದೇ.

ಪೂರ್ತಿ ದುಡ್ಡು ಕೊಟ್ಟು ಅರ್ಧ ಮಂಚದಲ್ಲಿ ಹೀಗೆ ರಾತ್ರಿ ಕಳೆಯುವುದು ನ್ಯಾಯವೇ ಎಂದು ನೀವು ಕೇಳಬಹುದು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇದನ್ನೇ ಕೇಳಿತು. ಚಾರ್ಟ್ ಆದ ಮೇಲೂ ಬರ್ತು ಸಿಗದೆ ಉಳಿದವರಿಗೆ ಸ್ವಲ್ಪ ದುಡ್ಡು ವಾಪಸು ಕೊಡುವ ದಾರಿ ನೋಡಿ ಎಂದು ರೈಲ್ವೆಗೆ ಹೇಳಿತು. ನನ್ನ ಅಭಿಪ್ರಾಯವೂ ಅದೇ. ಒಬ್ಬರು ಮಲಗುವ ಜಾಗಕ್ಕೆ ಎರಡು ಪೂರ್ತಿ ದರ ಪಡೆಯುವುದಕ್ಕೆ ಯಾವ ಸಮಜಾಯಿಷಿಯೂ ನನಗೆ ಹಿಡಿಸಿಲ್ಲ.

ಬರ್ತು ಸಿಗುವುದಕ್ಕೆ ಚಾರ್ಟಿಗೆ ಮೊದಲಿನದು ಒಂದು ಹಂತ, ಚಾರ್ಟಿನ ಗಳಿಗೆ ಇನ್ನೊಂದು. ಇನ್ನು ಮೂರನೆಯ ಹಂತ. ಇದು ರೈಲಿನೊಳಗೆ ಆಗುವಂಥದ್ದು, ಇದರ ಬಗ್ಗೆಯೇ ಜನಕ್ಕೆ ತಿಳಿದಿರುವುದು ಕಡಿಮೆ. ಚಾರ್ಟ್ ಆದ ಮೇಲೆ ಆನ್‌ಲೈನಿನ ವೇಟಿಂಗ್ ಲಿಸ್ಟ್ ರದ್ದಾಗುತ್ತದೆ ಎಂದೆನಲ್ಲ, ಸಾಲಿನ ಹಿಂದೆ ಆ ಒತ್ತಡ ಇಲ್ಲದಿರುವಾಗ ಲೆಕ್ಕವೇ ಬದಲಾಗುತ್ತದೆ. ಖಚಿತ ಬರ್ತಿನ ಯಾರೋ ಒಬ್ಬರು ರೈಲಿಗೆ ಬರಲೇ ಇಲ್ಲ ಎನ್ನಿ. ಆ ಬರ್ತು ಆರ್‌ಎಸಿಯ ಮೊದಲಿನವರಿಗೆ ಹೋಗುತ್ತದೆ. ಅವರು ಎದ್ದು ಹೋದರೆ ಅವರ ಜೋಡಿಗೆ ಸೈಡ್ ಬರ್ತು ಪೂರ್ತಿ ಉಳಿಯುತ್ತದೆ. ಅಂದರೆ ರೈಲಿನೊಳಗೆ ಒಂದು ಬರ್ತು ಖಾಲಿಯಾದರೆ ಮಲಗುವವರು ಇಬ್ಬರು.

ಬಾರದವರು ಯಾರು ಎಂದು ಟಿಸಿಗೆ ತಿಳಿಯುವುದು ಈಗ ಕೈಯಲ್ಲಿರುವ ಯಂತ್ರದಿಂದ. ಮೊದಲು ಕಾಗದದ ಚಾರ್ಟು, ಕಿವಿಯ ಮೇಲೆ ಪೆನ್ನು, ಸುತ್ತ ಹತ್ತು ಜನ. ಯಾರಿಗೆ ಯಾವ ಬರ್ತು ಹೋಯಿತು ಎಂಬುದು ಅವರಿಗೇ ಗೊತ್ತು. ಈಗ ಬಂದವರ ಹೆಸರಿನ ಮುಂದೆ ಬಂದರು, ಬಾರದವರ ಮುಂದೆ ಬಂದಿಲ್ಲ ಎಂದು ಯಂತ್ರದಲ್ಲೇ ಗುರುತು ಹಾಕುತ್ತಾರೆ. ಖಾಲಿ ಬರ್ತು ಸಾಲಿನ ಪ್ರಕಾರ ಯಾರಿಗೆ ಹೋಗಬೇಕೋ ಅದು ತೋರಿಸುತ್ತದೆ. ನಮ್ಮ ದಿಕ್ಕಿನ ರೈಲುಗಳಲ್ಲಿ ಬೆಂಗಳೂರು ಬಿಟ್ಟ ಮೇಲೆ ಯಶವಂತಪುರ, ಆಮೇಲೆ ತುಮಕೂರು. ಹಾಗಾಗಿ ತುಮಕೂರು ದಾಟಿ ಟಿಸಿ ಬೋಗಿಗೆ ಬರುವ ಹೊತ್ತಿಗೆ ಬೆಂಗಳೂರಿನಲ್ಲಿ ಹತ್ತಬೇಕಾಗಿದ್ದವರ ಲೆಕ್ಕ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಆರ್‌ಎಸಿಯವರು ನಿಮ್ಮ ಸೀಟಿನಲ್ಲೇ ಇರಿ. ಟಿಸಿಯನ್ನು ಹುಡುಕಿಕೊಂಡು ಬೋಗಿಯಿಂದ ಬೋಗಿಗೆ ಹೋದಾಗಲೇ ಅವರು ಈ ಕಡೆಯಿಂದ ಬಂದು ನಿಮ್ಮನ್ನೂ ಬಾರದವರ ಲೆಕ್ಕಕ್ಕೆ ಸೇರಿಸಿಬಿಟ್ಟಾರು.

ಅಂದು ಗುಬ್ಬಿ ಕಳೆದು ಸ್ವಲ್ಪ ಹೊತ್ತಿಗೆ ಟಿಸಿ ಬಂದರು. ಯಂತ್ರ ನೋಡಿದರು, ಹುಡುಗನ ಹೆಸರು ಹಿಡಿದು ಕರೆದರು. "46 ಖಾಲಿ ಇದೆ, ಅಪ್ಪರ್. ಹೋಗಿ ಮಲ್ಕೋ." ಹುಡುಗ ಅಜ್ಜಿಯ ಮುಖ ನೋಡಿದ. "ನೀವು ಹೋಗ್ತೀರೇನ್ರಿ ಯಜ್ಜಿ?" ಅಜ್ಜಿ ನಕ್ಕರು. "ಅಟ್ಟ ಹತ್ತೋ ಕಾಲ ಹೋಯ್ತು ಮಗ, ನೀನೇ ಹೋಗು." ಅವನು ಬ್ಯಾಗು ಎತ್ತಿಕೊಂಡು ಹೋದ. ಅಜ್ಜಿ ಉದ್ದಕ್ಕೆ ಕಾಲು ಚಾಚಿದರು. ನಾನೂ ದೀಪ ಆರಿಸಿದೆ.

ಅರಸೀಕೆರೆ ಬರುವ ಮೊದಲು ಗದ್ದಲಕ್ಕೆ ಎಚ್ಚರವಾಯಿತು. ನಡುವಯಸ್ಸಿನ ಒಬ್ಬರು, ಎರಡು ದೊಡ್ಡ ಬ್ಯಾಗು, ಮೈಯೆಲ್ಲ ಬೆವರು. ತುಮಕೂರಿನಲ್ಲಿ ಓಡಿ ಬಂದು ಕೈಗೆ ಸಿಕ್ಕ ಬೋಗಿ ಹತ್ತಿ, ಜನರನ್ನು ದಾಟಿಕೊಂಡು ಬರಲು ಇಷ್ಟು ಹೊತ್ತಾಗಿತ್ತು. ಅವರದ್ದು ಎಸ್-5, 46. ಖಚಿತ ಟಿಕೆಟ್. ಅಲ್ಲಿ ನಮ್ಮ ಹುಡುಗ ಗೊರಕೆ ಹೊಡೆಯುತ್ತಿದ್ದಾನೆ. ಟಿಸಿ ಟಿಕೆಟ್ ನೋಡಿ ಹೇಳಿದ್ದು ಒಂದೇ ಮಾತು. "ನೀವು ಹತ್ತಬೇಕಾಗಿದ್ದು ಬೆಂಗಳೂರಲ್ಲಿ ಸ್ವಾಮಿ. ಅಲ್ಲೂ ಬರಲಿಲ್ಲ, ಯಶವಂತಪುರದಲ್ಲೂ ಇಲ್ಲ. ಕೊಟ್ಟಾಯ್ತು."

ಇದು ನಮ್ಮ ಕಡೆಯವರಿಗೇ ವಿಶೇಷವಾಗಿ ಅಂಟಿದ ಕಷ್ಟ. ನಡುವಿನ ಊರಿನಿಂದ ಟಿಕೆಟ್ ತೆಗೆದರೆ ಎಷ್ಟೋ ರೈಲುಗಳಲ್ಲಿ ಸಣ್ಣ ಕೋಟಾಕ್ಕೆ ಬೀಳುತ್ತೇವೆ. ಫೋನಿನಲ್ಲಿ `PQWL`, `RLWL` ಎಂದು ಬರುವುದು ಅದೇ, ಅವು ಇಳಿಯುವುದು ನಿಧಾನ. ಅದಕ್ಕೆ ತುಮಕೂರಿನವರು ನಾಲ್ಕು ಕಾಸು ಹೆಚ್ಚಾದರೂ ಸರಿ ಎಂದು ಬೆಂಗಳೂರಿನಿಂದಲೇ ಟಿಕೆಟ್ ತೆಗೆದು ಇಲ್ಲಿ ಹತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಅದು ತಪ್ಪಲ್ಲ, ನಿಯಮದಲ್ಲೇ ಅವಕಾಶವಿದೆ. ಆದರೆ ಹತ್ತುವ ನಿಲ್ದಾಣ ತುಮಕೂರು ಎಂದು ಟಿಕೆಟ್ಟಿನಲ್ಲಿ ನಮೂದಾಗಿರಬೇಕು. ಕಾಗದದ ಚಾರ್ಟಿನ ಕಾಲದಲ್ಲಿ ಟಿಸಿ ತುಮಕೂರಿನವರೆಗೆ ಕಾದು ನೋಡುತ್ತಿದ್ದರು, ಅದೇ ಅಭ್ಯಾಸ ನಮಗೆ ಉಳಿದುಬಿಟ್ಟಿದೆ. ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ.

ಆ ಮನುಷ್ಯರ ವಾದ ಸ್ವಲ್ಪ ಹೊತ್ತು ನಡೆಯಿತು, ಆಮೇಲೆ ದನಿ ಇಳಿಯಿತು. ನಿಂತೇ ಇದ್ದರು. ಅಜ್ಜಿಗೆ ಎಚ್ಚರವಾಗಿತ್ತು. "ಎಲ್ಲಿಂದ ಬಂದ್ರಪ್ಪಾ?" ಎಂದರು. "ವಸಂತನರಸಾಪುರದಿಂದ ಅಮ್ಮ, ಡ್ಯೂಟಿ ಮುಗಿಸ್ಕೊಂಡು." ಅಜ್ಜಿ ಎದ್ದು ಗೋಡೆಗೆ ಒರಗಿ ಕಾಲು ಮಡಚಿದರು. "ಕೂತ್ಕಳಿ." ದಾವಣಗೆರೆಯಲ್ಲಿ ಯಾರೋ ಇಳಿದು ಟಿಸಿ ಬೇರೆ ಬರ್ತು ತೋರಿಸುವವರೆಗೆ 23ರಲ್ಲಿ ಮತ್ತೆ ಇಬ್ಬರು. ಈ ಸಲ ಒಬ್ಬರಿಗೆ ಪೂರ್ತಿ ಬರ್ತಿನ ಹಕ್ಕಿತ್ತು, ಇನ್ನೊಬ್ಬರಿಗೆ ಯಾವ ಹಕ್ಕೂ ಇರಲಿಲ್ಲ.

ಕೇಳುಗರೆ, ಬೆಂಗಳೂರಿನಿಂದ ಟಿಕೆಟ್ ತೆಗೆದು ತುಮಕೂರಿನಲ್ಲಿ ಹತ್ತುವವರು ಟಿಕೆಟ್ ಮಾಡುವಾಗಲೇ ಹತ್ತುವ ನಿಲ್ದಾಣದ ಜಾಗದಲ್ಲಿ ತುಮಕೂರು ಎಂದು ಆರಿಸಿಕೊಳ್ಳಿ. ಮರೆತಿದ್ದರೆ ಚಾರ್ಟ್ ಆಗಲು ಕಾಯದೆ ಇಂದೇ ಬದಲಿಸಿ. ಬದಲಿಸಿದ ಮೇಲೆ ಬೆಂಗಳೂರಿನಲ್ಲಿ ಹತ್ತುವ ಹಕ್ಕು ಹೋಗುತ್ತದೆ, ಅದೂ ನೆನಪಿರಲಿ. ಹೋಗುವುದೇ ಇಲ್ಲ ಎಂದಾದರೆ ಟಿಕೆಟ್ ರದ್ದು ಮಾಡಿ. ಯಾವುದೋ ಬೋಗಿಯ 23ರಲ್ಲಿ ಇಬ್ಬರು ಕಾಲು ಮಡಚಿಕೊಂಡು ಕಾಯುತ್ತಿರುತ್ತಾರೆ.